ಸೊನ್ನೆ ತೆಗೆದ ಸಾಲು

ಕಚೇರಿಯಲ್ಲಿ ಅವಳಿಗೆ ‘ಯಾಕಮ್ಮ’ ಎಂದು ಅಡ್ಡಹೆಸರಿಟ್ಟವನು ಅವಳ ಗಂಡನೇ. ಇಬ್ಬರೂ ಒಂದೇ ತಂಡದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಂಪನಿ ಅದು. ಬೇರೆಬೇರೆ ಬಡಾವಣೆಗಳ ಸಂಗ್ರಹ ಕೇಂದ್ರಗಳಲ್ಲಿ ರಕ್ತ ತೆಗೆದುಕೊಳ್ಳುತ್ತಾರೆ, ಅದು ದೊಡ್ಡ ಲ್ಯಾಬಿಗೆ ಹೋಗುತ್ತದೆ, ಅಲ್ಲಿಂದ ಬಂದ ವರದಿ ಸರಿಯಾದ ಮನುಷ್ಯನ ಹೆಸರಿಗೆ ಹೋಗಿ ಕೂರಬೇಕು. ಹಾಗೆ ಕೂರಿಸುವುದೇ ಆ ಸಾಫ್ಟ್‌ವೇರಿನ ಕೆಲಸ.

ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದರೂ, ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಎಂದು ಒಂದು ಟಿಪ್ಪಣಿ ಬರೆದು ಸೇರಿಸುವುದು ಈ ಕೆಲಸದ ಪದ್ಧತಿ. ಅದಕ್ಕೆ ಕಮಿಟ್ ಮೆಸೇಜ್ ಎನ್ನುತ್ತಾರೆ. ತಂಡದ ಇನ್ನೊಬ್ಬರು ಅದನ್ನು ಓದಿ, ಬದಲಾವಣೆಯನ್ನು ನೋಡಿ, ಸರಿ ಎಂದ ಮೇಲೆಯೇ ಅದು ಒಳಗೆ ಹೋಗಬೇಕು. ಮುಂದೆ ಯಾವತ್ತೋ ಯಾರಿಗೋ ಆ ಸಾಲಿನ ಮೇಲೆ ಅನುಮಾನ ಬಂದರೆ, ಅವರು ಮೊದಲು ಹುಡುಕುವುದೂ ಅದೇ ಟಿಪ್ಪಣಿಯನ್ನು.

ಅವಳ ಕೈಗೆ ಪರಿಶೀಲನೆಗೆ ಸಿಕ್ಕವರ ಪಾಡು ಕಷ್ಟವಿತ್ತು. “ಏನು ಮಾಡಿದೀರ ಅಂತ ಕೋಡ್ ನೋಡಿದ್ರೆ ಗೊತ್ತಾಗುತ್ತೆ. ಯಾಕೆ ಮಾಡಿದ್ರಿ, ಅದನ್ನ ಬರೀರಿ” ಎಂದು ವಾಪಸ್ಸು ಕಳಿಸುತ್ತಿದ್ದಳು. ಗಂಡ ಅವಳಿಗೆ ಪೂರ್ತಿ ಉಲ್ಟಾ. ಅವನ ಟಿಪ್ಪಣಿಗಳು ತಂತಿ ಕಳಿಸಿದ ಹಾಗಿರುತ್ತಿದ್ದವು. ಅವಳು ವಾಪಸ್ಸು ಕಳಿಸಿದಾಗಲೆಲ್ಲ ಅವನು ಎಲ್ಲರಿಗೂ ಕೇಳುವಂತೆ, “ನಮ್ಮ ಯಾಕಮ್ಮನಿಗೆ ಮನೇಲಿ ಸಾರಿಗೆ ಉಪ್ಪು ಹಾಕಿದ್ರೂ ಕಾರಣ ಬರೆದು ಕೊಡ್ಬೇಕು ಕಣ್ರೀ” ಎನ್ನುತ್ತಿದ್ದ. ಅವಳು ಸಿಟ್ಟಿನಿಂದ ನೋಡುವಳು. ಅವನು ಬಾಯಿಗೆ ಬೀಗ ಹಾಕಿದ ಹಾಗೆ ನಟಿಸಿ, ಮತ್ತೆ ಕೂತು ಇನ್ನೊಂದು ಸಾಲು ಸೇರಿಸುವನು.

ಅವನು ರಕ್ತದ ಕಾಯಿಲೆಯಿಂದ ತೀರಿಕೊಂಡ. ಗೊತ್ತಾದ ಮೇಲೆ ಒಂದು ವರ್ಷವೂ ಸಿಗಲಿಲ್ಲ. ಅವಳು ಅದೇ ಕಚೇರಿಯಲ್ಲಿ ಉಳಿದಳು. ಮನೆಯಲ್ಲಿ ಅತ್ತೆ, ಓದುವ ಮಗಳು. ಬೇರೆ ಕಡೆ ಹೋಗುವ ಯೋಚನೆ ಬಂದರೂ ಮನಸ್ಸು ಬರಲಿಲ್ಲ. ಅವನು ಹೋದ ಮೇಲೆ ಯಾರೂ ಅವಳನ್ನು ಎದುರಿಗೆ ಯಾಕಮ್ಮ ಎನ್ನುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಲ್ಯಾಬಿನಿಂದ ಫೋನ್ ಬಂತು. ಹೊಸದಾಗಿ ಸೇರಿದ ಸಂಗ್ರಹ ಕೇಂದ್ರವೊಂದರಲ್ಲಿ ಇಬ್ಬರ ವರದಿ ಅದಲುಬದಲಾಗಿತ್ತು. ಒಬ್ಬರು ಅಂಗಡಿಯವರು, ತಮಗಿಲ್ಲದ ಕಾಯಿಲೆಗೆ ಕೆಲವು ದಿನ ಮಾತ್ರೆ ನುಂಗಿದ್ದರು. ಇನ್ನೊಬ್ಬರು ವಯಸ್ಸಾದ ದರ್ಜಿ, ಒಂಟಿ ಹೆಂಗಸು. ಎಲ್ಲ ಚೆನ್ನಾಗಿದೆ ಎಂಬ ವರದಿ ಓದಿ ನೆಮ್ಮದಿಯಿಂದ ಹೊಲಿಗೆಗೆ ಕೂತಿದ್ದವರು ಯಂತ್ರದ ಮೇಲೆಯೇ ತಲೆ ಇಟ್ಟು ಬಿದ್ದಿದ್ದರು. ಈಗ ಆಸ್ಪತ್ರೆಯಲ್ಲಿದ್ದರು.

ತಂಡದ ಮುಖ್ಯಸ್ಥ ಎಲ್ಲರನ್ನೂ ಗಾಜಿನ ಕೋಣೆಗೆ ಕರೆದ. ಮುಖ ಬೆವೆತಿತ್ತು.

“ಮೊದಲು ಸರಿ ಮಾಡೋಣ. ಆಮೇಲೆ ಮಾತು. ಮೇಡಂ, ನೀವೇ ನೋಡ್ತೀರಾ?”

ಅವಳು ನೋಡಿದಳು. ಕಾರಣ ಸಿಗಲು ಹೊತ್ತು ಹಿಡಿಯಲಿಲ್ಲ. ಹೊಸ ಕೇಂದ್ರದವರು ಮನೆಗೆ ಹೋಗಿ ತೆಗೆದ ರಕ್ತದ ಬಾಟಲಿಗಳಿಗೆ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕೊಡುತ್ತಿದ್ದರು; ಕೇಂದ್ರಕ್ಕೆ ಬಂದವರದಕ್ಕೆ ಸೊನ್ನೆ ಇಲ್ಲದ್ದು. ಹಾಗಾಗಿ ೦೪೫೭೧ ಒಬ್ಬರದ್ದು, ೪೫೭೧ ಇನ್ನೊಬ್ಬರದ್ದು. ಆದರೆ ಪ್ರೋಗ್ರಾಮಿನ ಒಳಗೆ, ವರದಿಯನ್ನು ಹೆಸರಿಗೆ ಹೊಂದಿಸುವ ಜಾಗದಲ್ಲಿ, ಸಂಖ್ಯೆಯ ಮುಂದಿನ ಸೊನ್ನೆಗಳನ್ನೆಲ್ಲ ಕಿತ್ತುಹಾಕುವ ಒಂದು ಸಾಲಿತ್ತು. ಸೊನ್ನೆ ಹೋದ ಮೇಲೆ ಇಬ್ಬರೂ ಒಂದೇ.

ಅವಳು ಆ ಸಾಲನ್ನು ಅಳಿಸಿದಳು. ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನೆಲ್ಲ ಓಡಿಸಿದಳು. ಎಲ್ಲವೂ ಪಾಸು. ಹೊಸ ಕೇಂದ್ರದ ಇಬ್ಬರೂ ಬೇರೆಬೇರೆಯಾಗಿ ಕಾಣಿಸಿದರು. ಪರಿಶೀಲನೆಗೆ ಕಳಿಸಿದಳು.

ಪರಿಶೀಲಿಸುವ ಸರದಿ ನಿಧಾನಪ್ಪನದು. ಅದೂ ಅಡ್ಡಹೆಸರೇ. ಬೇರೆ ಕಂಪನಿಯಿಂದ ಬಂದ, ಕೂದಲು ನರೆತ ಮನುಷ್ಯ. ಕಾಫಿ ಆರಿ ನೀರಾದ ಮೇಲೆಯೇ ಕುಡಿಯುವವನು. ಅವನು ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಅವಳ ಮೇಜಿಗೆ ಬಂದ.

“ಮೇಡಂ, ಈ ಸಾಲನ್ನ ಮೊದಲು ಯಾಕೆ ಹಾಕಿದ್ರು?”

“ಗೊತ್ತಿಲ್ಲ. ಈಗ ಅದರಿಂದ ತೊಂದರೆ ಆಗಿದೆ, ತೆಗೆದಿದೀನಿ.”

“ಅದು ಸರಿ. ಆದ್ರೆ ಸುಮ್ನೆ ಸೊನ್ನೆ ಕೀಳೋಕೆ ಯಾರಿಗೂ ಹುಚ್ಚು ಹಿಡಿದಿರಲ್ವಲ್ಲ.” ಅವನು ಪರದೆಯ ಕಡೆ ಬಾಗಿ, “ಹಾಕಿದವರ ಹೆಸರು ನೋಡಿದ್ರಾ?” ಎಂದ.

ಅವಳು ನೋಡಿರಲಿಲ್ಲ. ಅವಸರದಲ್ಲಿ ಆ ಕಡೆ ಹೋಗಿರಲಿಲ್ಲ. ಈಗ ಆ ಸಾಲಿನ ಚರಿತ್ರೆ ತೆರೆದಳು. ಬರೆದವನು ಅವಳ ಗಂಡ. ಟಿಪ್ಪಣಿಯಲ್ಲಿ ಇದ್ದದ್ದು ‘ಸ್ಯಾಂಪಲ್ ನಂಬರ್ ಸರಿಪಡಿಸಿದೆ’ ಎಂಬಷ್ಟೇ. ಪರಿಶೀಲಿಸಿ ಒಪ್ಪಿದವರ ಜಾಗದಲ್ಲಿ ಅವಳದೇ ಹೆಸರು.

ನಿಧಾನಪ್ಪ ಕುರ್ಚಿ ಉರುಳಿಸಿಕೊಂಡು ತನ್ನ ಜಾಗಕ್ಕೆ ಹೋದ.

ಅವಳಿಗೆ ಮಸುಕಾಗಿ ನೆನಪಾಯಿತು. ಒಂದು ಸಂಜೆ ಅವನು ಹೊರಗಿನಿಂದ ಬಂದು ಅವಳ ಮೇಜಿನ ಅಂಚಿಗೆ ಒರಗಿ ನಿಂತಿದ್ದ. “ಚಿಕ್ಕದು, ಬೇಗ ಬಿಟ್ಬಿಡು. ಇವತ್ತು ಯಾಕೆ ಅಂತ ಕೇಳ್ಬೇಡ, ತಲೆ ನೋಯ್ತಿದೆ” ಎಂದಿದ್ದ. ಮಗಳನ್ನು ಟ್ಯೂಷನ್ನಿನಿಂದ ಕರೆತರುವ ಹೊತ್ತಾಗಿತ್ತು. ಅವಳು ಒಪ್ಪಿಗೆ ಒತ್ತಿ ಚೀಲ ಹೆಗಲಿಗೆ ಹಾಕಿದ್ದಳು.

ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಮತ್ತೆ ಸಭೆ ಸೇರಿತು. ಮುಖ್ಯಸ್ಥನಿಗೆ ಅವಸರ.

“ಸಾಲು ತೆಗೆದ್ರೆ ಸರಿಹೋಗುತ್ತೆ ತಾನೇ? ತೆಗೆದು ಮುಗಿಸಿ. ಟಿಪ್ಪಣೀಲಿ ಜಾಸ್ತಿ ಬರೀಬೇಡಿ. ಸಣ್ಣ ಸುಧಾರಣೆ ಅಂತ ಹಾಕಿ ಸಾಕು.”

“ಹಳೇ ಸಾಲು ಯಾಕಿತ್ತು ಅಂತ ಗೊತ್ತಾಗದೆ ತೆಗೆಯೋಕಾಗಲ್ಲ” ಎಂದಳು ಅವಳು.

ಮಾರಾಟ ವಿಭಾಗದವನೊಬ್ಬ ಅಲ್ಲೇ ಕೂತಿದ್ದ. ಹೊಸಬ, ಅವಳ ಸಂಸಾರದ ವಿಷಯ ಅವನಿಗೆ ತಿಳಿಯದು. “ಹಾಕಿದವರು ಈಗ ಇಲ್ಲ ಅಂತಾರಲ್ಲ, ಅವರ ಕೈತಪ್ಪು ಅಂತ ಬರೆದುಬಿಡಿ. ಯಾರಿಗೂ ನೋವಾಗಲ್ಲ” ಎಂದ.

ಮುಖ್ಯಸ್ಥ ಮೇಜಿನ ಮೇಲಿನ ಪೆನ್ನನ್ನು ತಿರುಗಿಸುತ್ತ ಕೂತ. ಅವಳು ಎದ್ದು, “ನಾಳೆವರೆಗೆ ಟೈಮ್ ಕೊಡಿ. ಅಲ್ಲೀವರೆಗೆ ಹೊಸ ಕೇಂದ್ರದ ವರದಿಗಳು ತಾವಾಗೇ ಹೋಗೋದು ಬೇಡ, ಲ್ಯಾಬಿನವರು ಒಂದೊಂದನ್ನೂ ಕಣ್ಣಲ್ಲಿ ನೋಡಿ ಕಳಿಸ್ಲಿ” ಎಂದಳು.

ಗಂಡ ಆ ಬದಲಾವಣೆ ಮಾಡಿದ ಕಾಲಕ್ಕೆ ಕಂಪನಿಗೆ ಇದ್ದ ಕೇಂದ್ರಗಳು ಕೆಲವೇ. ಅವಳು ಒಂದೊಂದಕ್ಕೂ ಫೋನ್ ಮಾಡಿ, ನಿಮ್ಮಲ್ಲಿ ಸಂಖ್ಯೆಯ ಮುಂದೆ ಸೊನ್ನೆ ಬರುತ್ತದೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದರು. ಕೊನೆಯ ಕೇಂದ್ರದಲ್ಲಿ ಫೋನ್ ಎತ್ತಿದ ಹೆಂಗಸು ಮಾತ್ರ, “ಬರುತ್ತಲ್ಲ! ನಮ್ಮ ಹಳೇ ಪ್ರಿಂಟರು ಎಂಟು ಅಂಕಿ ತುಂಬೋವರೆಗೆ ಮುಂದೆ ಸೊನ್ನೆ ಹೊಡೀತಾನೇ ಇರುತ್ತೆ. ಬಂದು ನೋಡಿ ಬೇಕಾದ್ರೆ” ಎಂದಳು.

ಕೇಂದ್ರ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲು, ಗೋಡೆಗೆ ಒತ್ತಿಟ್ಟ ಉದ್ದ ಬೆಂಚು, ಸ್ಪಿರಿಟ್ಟಿನ ವಾಸನೆ. ಬಿಳಿ ಕೋಟಿನ ದಪ್ಪನೆಯ ಲ್ಯಾಬ್ ಟೆಕ್ನಿಶಿಯನ್ ಮುದುಕರೊಬ್ಬರ ತೋಳಿಗೆ ಹತ್ತಿ ಒತ್ತಿ, “ಮಡಚ್ಕೊಳ್ಳಿ ತಾತ, ಬಿಡಬೇಡಿ” ಎನ್ನುತ್ತಿದ್ದಳು. ಅವರನ್ನು ಕಳಿಸಿ ಇವಳ ಕಡೆ ತಿರುಗಿದಳು. ಪ್ರಿಂಟರ್ ತೋರಿಸಿದಳು. ಅದು ಕೆಮ್ಮುತ್ತ ಒಂದು ಚೀಟಿ ಉಗುಳಿತು: ಸಂಖ್ಯೆಯ ಮುಂದೆ ಸೊನ್ನೆಗಳ ಸಾಲು.

“ಆದ್ರೆ ನಾವು ಕಂಪ್ಯೂಟರಲ್ಲಿ ಹೆಸರು ಬರೆಯೋವಾಗ ಸೊನ್ನೆ ಹೊಡೆಯಲ್ಲ ಮೇಡಂ. ಯಾರು ಅಷ್ಟೊಂದು ಹೊಡೀತಾ ಕೂರ್ತಾರೆ? ಬರೀ ನಂಬರ್ ಹಾಕ್ತೀವಿ.”

ಅವಳಿಗೆ ಎಲ್ಲ ಅರ್ಥವಾಯಿತು. ಇಲ್ಲಿ ಹೆಸರಿನ ಜೊತೆ ಬರೆಯುವ ಸಂಖ್ಯೆಗೆ ಸೊನ್ನೆ ಇಲ್ಲ. ದೊಡ್ಡ ಲ್ಯಾಬಿನ ಯಂತ್ರ ಓದುವುದು ಬಾಟಲಿಯ ಮೇಲಿನ ಚೀಟಿಯನ್ನು, ಅಲ್ಲಿ ಸೊನ್ನೆ ಇದೆ. ಪ್ರೋಗ್ರಾಮಿನ ಕಣ್ಣಿಗೆ ಅವೆರಡೂ ಬೇರೆ. ಒಂದೇ ರಕ್ತ ಎರಡಾಗಿಬಿಡುತ್ತದೆ: ಒಂದು ಕಡೆ ವರದಿಯಿಲ್ಲದ ಹೆಸರು, ಇನ್ನೊಂದು ಕಡೆ ಹೆಸರಿಲ್ಲದ ವರದಿ. ಅವನು ಸೊನ್ನೆ ಕಿತ್ತದ್ದು ಅವೆರಡನ್ನೂ ಸೇರಿಸಲು. ಬೆಳಿಗ್ಗೆ ಅವಳು ಅಳಿಸಿದಂತೆಯೇ ಬಿಟ್ಟಿದ್ದರೆ, ಈ ಬೆಂಚಿನಲ್ಲಿ ಕೂತು ರಕ್ತ ಕೊಟ್ಟ ಯಾರಿಗೂ ನಾಳೆಯಿಂದ ವರದಿ ಸಿಗುತ್ತಿರಲಿಲ್ಲ.

“ಈ ಸೊನ್ನೆ ತೊಂದರೆ ಮೊದಲು ಹೇಗೆ ಗೊತ್ತಾಯ್ತು ನಿಮಗೆ?” ಎಂದು ಕೇಳಿದಳು.

“ನಮಗೆಲ್ಲಿ ಗೊತ್ತಾಗುತ್ತೆ? ನಿಮ್ಮ ಕಂಪನಿಯವರೇ ಒಬ್ಬರು ಕಂಡುಹಿಡಿದ್ರು. ಕಂಪ್ಯೂಟರ್ ಸರ್ ಅಂತ ಕರೀತಿದ್ವಿ. ಉದ್ದಕ್ಕಿದ್ರು, ಬರೀ ತಮಾಷೆ. ಪಾಪ, ಅವರದ್ದೇ ರಕ್ತ ಕೊಟ್ಟಿದ್ರು ಇಲ್ಲಿ. ವರದಿ ಬರ್ಲೇ ಇಲ್ಲ. ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂದ್ಕೊಂಡು ಅವರೂ ಸುಮ್ನಿದ್ರಂತೆ. ಆಮೇಲೆ ಸುಸ್ತು ಜಾಸ್ತಿಯಾಗಿ ವಿಚಾರಿಸೋಕೆ ಬಂದ್ರು. ನೋಡಿದ್ರೆ ವರದಿ ಯಾವಾಗಲೋ ಬಂದು ಬೇರೆ ಕಡೆ ಕೂತಿದೆ, ಹೆಸರಿಲ್ದೆ.”

ಅವಳು ಬೆಂಚಿನ ಮೇಲೆ ಕೂತಳು.

“ಓದಿದ್ರು. ಓದಿ, ಇಗೋ ನೀವು ಕೂತಿದೀರಲ್ಲ, ಅಲ್ಲೇ ಕೂತ್ರು ಸ್ವಲ್ಪ ಹೊತ್ತು. ನಾನು ನೀರು ಕೊಟ್ಟೆ. ಎದ್ದು ಹೋಗ್ತಾರೆ ಅಂದ್ಕೊಂಡೆ. ಹೋಗ್ಲಿಲ್ಲ. ಇನ್ನೂ ಯಾರದ್ದಾದ್ರೂ ಹೀಗೆ ನಿಂತಿರಬಹುದು, ಹುಡುಕಿ ಅಂದ್ರು. ನಾವಿಬ್ಬರೂ ಸೇರಿ ಹುಡುಕಿದ್ವಿ, ಸಿಕ್ತು ಮೂರ್ನಾಲ್ಕು ಜನರದ್ದು. ಅವರಿಗೆಲ್ಲ ನನ್ನ ಕೈಲೇ ಫೋನ್ ಮಾಡಿಸಿದ್ರು. ಆಮೇಲೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಇಲ್ಲೇ ಸರಿ ಮಾಡಿದ್ರು. ಮನೇಲಿ ಗೊತ್ತಾ ಸರ್ ಅಂದೆ. ಮಗಳ ಪರೀಕ್ಷೆ ನಡೀತಿದೆ, ಮುಗೀಲಿ, ಆಮೇಲೆ ಹೇಳ್ತೀನಿ ಅಂದ್ರು. ಈಗ ಹೇಗಿದಾರೆ ಮೇಡಂ ಅವರು?”

“ಇಲ್ಲ” ಎಂದಳು ಅವಳು.

“ಅಯ್ಯೋ.” ಆಮೇಲೆ ಇವಳ ಮುಖ ನೋಡಿ, ದನಿ ತಗ್ಗಿಸಿ, “ನೀವು ಅವರಿಗೆ...?”

“ಹೆಂಡ್ತಿ.”

“ನಾನು ಹೇಳಬಾರದಿತ್ತು. ಬಾಯಿ ನನ್ನದು, ತಡೆಯೋದೇ ಇಲ್ಲ. ತಪ್ಪಾಯ್ತಮ್ಮ.”

“ಇಲ್ಲ, ನಾನೇ ಕೇಳಿದ್ದು” ಎಂದು ಅವಳು ಎದ್ದಳು. ಮೆಟ್ಟಿಲು ಇಳಿದು ಬಂದಳು. ಕೆಳಗೆ ಚಪ್ಪಲಿ ಅಂಗಡಿಯವನು, “ಬನ್ನಿ ಅಕ್ಕ, ಹೊಸ ಮಾಲು ಬಂದಿದೆ” ಎಂದ. ಅವಳು ಏನೂ ಯೋಚಿಸದೆ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಬೇಡದ ಒಂದು ಜೊತೆ ಚಪ್ಪಲಿ ಕಾಲಿಗೆ ಹಾಕಿ ನೋಡಿದಳು. ಎಲ್ಲಿಯಾದರೂ ಕೂರಬೇಕಿತ್ತು, ಅಷ್ಟೇ.

ಆ ವರ್ಷ ಮಗಳ ಪರೀಕ್ಷೆ ಮುಗಿದ ದಿನ ಅವನು ಎಲ್ಲರನ್ನೂ ಐಸ್‌ಕ್ರೀಂ ತಿನ್ನಿಸಲು ಕರೆದೊಯ್ದಿದ್ದ. ಮಾರನೆಯ ದಿನ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ, “ನಿನ್ನ ಹತ್ರ ಒಂದು ಮಾತಾಡೋದಿದೆ” ಎಂದಿದ್ದ. ನಿನ್ನೆಯಷ್ಟೇ ಗೊತ್ತಾಯಿತು ಎಂದಿದ್ದ. ಅವಳು ನಂಬಿದ್ದಳು. ಇಷ್ಟು ವರ್ಷ ಅವಳಿಗಿದ್ದ ಒಂದೇ ಸಮಾಧಾನವೆಂದರೆ, ಗೊತ್ತಾದ ಕೂಡಲೇ ಇಬ್ಬರೂ ಒಟ್ಟಿಗೆ ಓಡಾಡಿದೆವು ಎಂಬುದು. ಈಗ ಅದೂ ಹೋಯಿತು. ಅವನು ಆ ಕಾಗದ ಜೇಬಿನಲ್ಲಿಟ್ಟುಕೊಂಡೇ ಮಗಳಿಗೆ ಲೆಕ್ಕ ಹೇಳಿಕೊಟ್ಟಿದ್ದ, ಅವಳ ಜೊತೆ ತರಕಾರಿಗೆ ಬಂದಿದ್ದ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದ್ದ. ಅದಕ್ಕೂ ಮೊದಲು ವರದಿ ದಾರಿ ತಪ್ಪಿ ಕೂತಿದ್ದ ದಿನಗಳೂ ಇದ್ದವು. ಬೇಗ ಸಿಕ್ಕಿದ್ದರೆ? ಅದನ್ನು ಯಾವ ಡಾಕ್ಟರನ್ನೂ ಕೇಳಬಾರದು ಎಂದು ಆ ಸ್ಟೂಲಿನ ಮೇಲೆಯೇ ಅವಳು ನಿರ್ಧರಿಸಿದಳು. ಉತ್ತರ ಯಾವುದಾದರೂ ಅವಳಿಂದ ಹೊರಲು ಆಗುತ್ತಿರಲಿಲ್ಲ.

ಸಿಟ್ಟು ಬಂತು. ಅಳುವಿಗಿಂತ ಮೊದಲು ಸಿಟ್ಟೇ ಬಂತು. ಟಿಪ್ಪಣಿಯಲ್ಲಿ ಕಾರಣ ಬರೆದಿದ್ದರೆ ಓದುವವಳು ಅವಳೇ ಆಗಿದ್ದಳು. ಅದಕ್ಕೇ ಬರೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬೇಗ ಕಚೇರಿಗೆ ಹೋಗಿ ಮೊದಲಿನಿಂದ ಕೆಲಸ ಮಾಡಿದಳು. ಹಳೇ ಪ್ರಿಂಟರ್ ಇದ್ದ ಆ ಹಳೆಯ ಕೇಂದ್ರದಿಂದ ಬಂದ ಸಂಖ್ಯೆಗೆ ಮಾತ್ರ ಮುಂದಿನ ಸೊನ್ನೆ ತೆಗೆಯುವುದು; ಉಳಿದೆಲ್ಲರದನ್ನು ಇದ್ದಂತೆಯೇ ಹೋಲಿಸುವುದು; ಒಂದು ವರದಿಗೆ ಎರಡು ಹೆಸರು ಹೊಂದಿದರೆ ಯಾವುದಕ್ಕೂ ಸೇರಿಸದೆ ತಡೆದು ಲ್ಯಾಬಿನವರಿಗೆ ತೋರಿಸುವುದು. ಎರಡೂ ಕೇಂದ್ರಗಳ ನಿಜವಾದ ಚೀಟಿಗಳಂತೆಯೇ ಸಂಖ್ಯೆ ಕೊಟ್ಟು ಹೊಸ ಪರೀಕ್ಷೆಗಳನ್ನು ಬರೆದಳು. ಮುಂದೆ ಯಾರಾದರೂ ಆ ಸಾಲು ಅಳಿಸಿದರೆ ಆ ಪರೀಕ್ಷೆ ಫೇಲಾಗಿ ಪರದೆಯ ಮೇಲೆ ಕೆಂಪಾಗಿ ಕೂಗಬೇಕು.

ಆಮೇಲೆ ಟಿಪ್ಪಣಿಗೆ ಕೂತಳು. ಮೊದಲ ಸಾಲು ಸುಲಭವಾಗಿ ಬಂತು: ‘ಸಂಖ್ಯೆಯ ಮುಂದಿನ ಸೊನ್ನೆಯನ್ನು ಹಳೆಯ ಕೇಂದ್ರಕ್ಕೆ ಮಾತ್ರ ತೆಗೆಯಿರಿ.’ ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಕಾರಣ ಬರೆಯತೊಡಗಿದಳು.

‘ಹೊಸ ಕೇಂದ್ರದಲ್ಲಿ ೦೪೫೭೧ ಮತ್ತು ೪೫೭೧ ಇಬ್ಬರು ಬೇರೆ ವ್ಯಕ್ತಿಗಳ ಸಂಖ್ಯೆಗಳು. ಎಲ್ಲ ಸೊನ್ನೆ ತೆಗೆಯುತ್ತಿದ್ದುದರಿಂದ ಎರಡೂ ಒಂದಾಗಿ ವರದಿಗಳು ಅದಲುಬದಲಾದವು. ಇದರಿಂದ ಒಬ್ಬರಿಗೆ ಬೇಡದ ಚಿಕಿತ್ಸೆಯಾಯಿತು, ಒಬ್ಬರಿಗೆ ಬೇಕಾದ ಚಿಕಿತ್ಸೆ ತಡವಾಯಿತು. ಆದರೂ ಸೊನ್ನೆ ತೆಗೆಯುವುದನ್ನು ಪೂರ್ತಿ ಅಳಿಸಬೇಡಿ. ಹಳೆಯ ಕೇಂದ್ರದ ಪ್ರಿಂಟರ್ ಎಂಟು ಅಂಕಿಯಾಗುವವರೆಗೆ ಸೊನ್ನೆ ಸೇರಿಸುತ್ತದೆ, ಅಲ್ಲಿನ ನೋಂದಣಿಯಲ್ಲಿ ಸೊನ್ನೆ ಇರುವುದಿಲ್ಲ. ಅಳಿಸಿದರೆ ಅಲ್ಲಿನ ವರದಿಗಳು ಯಾರ ಹೆಸರಿಗೂ ಸೇರದೆ ಉಳಿಯುತ್ತವೆ. ಹಿಂದೆ ಹಾಗೆ ಆಗಿತ್ತು. ಒಬ್ಬ ರೋಗಿಯ ವರದಿ ಸಿದ್ಧವಾಗಿದ್ದರೂ ಅವರ ಕೈಗೆ ಮುಟ್ಟಲಿಲ್ಲ. ಅವರೇ ವಿಚಾರಿಸಲು ಬಂದಾಗ ದೋಷ ಗೊತ್ತಾಯಿತು. ಹಳೆಯ ಸಾಲು ಬರೆದದ್ದು ಅದನ್ನು ಸರಿಪಡಿಸಲು. ಆಗಿನ ಕೇಂದ್ರಗಳ ಮಟ್ಟಿಗೆ ಅದು ಸರಿಯಾಗಿತ್ತು.’

‘ಒಬ್ಬ ರೋಗಿ’ ಎಂದು ಬರೆದ ಮೇಲೆ ಬಹಳ ಹೊತ್ತು ಕೈ ಮುಂದೆ ಹೋಗಲಿಲ್ಲ. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ‘ಆಗ ಪರಿಶೀಲಿಸಿದ ನಾನು ಕಾರಣ ಕೇಳದೆ ಒಪ್ಪಿದೆ.’ ಪರಿಶೀಲನೆಗೆ ಕಳಿಸಿದಳು.

ನಿಧಾನಪ್ಪ ತನ್ನ ರೀತಿಯಲ್ಲೇ ಓದಿದ. ಎರಡು ಸಲ ಕೋಡ್ ನೋಡಿದ, ಪರೀಕ್ಷೆಯ ಒಂದು ಸಂಖ್ಯೆ ಬದಲಾಯಿಸಿ ಅದು ಫೇಲಾಗುತ್ತದೆಯೇ ಎಂದು ನೋಡಿದ. ಆಮೇಲೆ ಕುರ್ಚಿ ಉರುಳಿಸಿಕೊಂಡು ಬಂದ.

“ಎಲ್ಲ ಸರಿಯಿದೆ ಮೇಡಂ. ಕೊನೇ ಸಾಲು ಮಾತ್ರ ತೆಗೀರಿ.”

“ಅದು ನಿಜ.”

“ನಿಜಾನೇ. ಆದ್ರೆ ಮುಂದೆ ಓದೋರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಯಾವ ಪ್ರಿಂಟರು, ಯಾಕೆ ಸೊನ್ನೆ, ಅಷ್ಟು ಗೊತ್ತಾದ್ರೆ ಅವರ ಕೆಲಸ ಆಗುತ್ತೆ. ಇದು ನಿಮಗೂ ಅವರಿಗೂ ಮಧ್ಯದ್ದು. ಇಲ್ಲಿ ಬೇಡ.” ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದ, “ಆ ರೋಗಿ...?”

ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಅವಳು ಆ ಸಾಲು ಅಳಿಸಿದಳು. ಅವನು ಒಪ್ಪಿಗೆ ಒತ್ತಿದ.

ಮುಖ್ಯಸ್ಥ ಟಿಪ್ಪಣಿ ಓದಿ, “ಇಷ್ಟುದ್ದ ಬೇಕಿತ್ತಾ? ವಕೀಲರ ಕೈಗೆ ಸಿಕ್ಕಿದ್ರೆ?” ಎಂದ. “ಸಿಗಲಿ” ಎಂದಳು. ಅವನು ಅವತ್ತು ಸಂಜೆ ತಾನೇ ಆಸ್ಪತ್ರೆಗೆ ಹೋಗಿ ಆ ದರ್ಜಿಯ ಮಂಚದ ಪಕ್ಕ ಕೂತು, ಆದದ್ದನ್ನು ಒಪ್ಪಿಕೊಂಡು ಬಂದ. ಆಕೆ ಕೆಲವು ವಾರಗಳ ನಂತರ ಮನೆಗೆ ಮರಳಿದರು. ಹೊಲಿಗೆ ಯಂತ್ರದ ಪೆಡಲು ತುಳಿಯುವ ಶಕ್ತಿ ಮಾತ್ರ ಮರಳಲಿಲ್ಲವಂತೆ.

ಭಾನುವಾರ ಅವಳು ಅತ್ತೆಯ ಜೊತೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿದಳು. ಅತ್ತೆ ಕೇಳುತ್ತ ಕೇಳುತ್ತ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದರು.

“ನಂಗೂ ಹೇಳ್ಲಿಲ್ಲ ಕಣೇ” ಎಂದರು ಕೊನೆಗೆ. “ಚಿಕ್ಕವನಿದ್ದಾಗ್ಲೂ ಅಷ್ಟೇ. ಬಿದ್ದು ಬಂದ್ರೆ ಮೊಣಕಾಲು ಮುಚ್ಕೊಂಡೇ ಊಟಕ್ಕೆ ಕೂರ್ತಿದ್ದ. ರಕ್ತ ಚಡ್ಡಿಗೆ ಇಳಿದ ಮೇಲೇ ನಂಗೆ ಗೊತ್ತಾಗ್ತಿದ್ದದ್ದು.”

“ಜಗಳ ಆಡಬೇಕು ಅನ್ಸುತ್ತೆ ಅತ್ತೆ. ಒಂದು ಸಲ, ಬಾಯಿತುಂಬ. ಯಾರ ಹತ್ರ ಆಡಲಿ?”

ಅತ್ತೆ ಸೊಸೆಯ ಮಡಿಲಿನಲ್ಲಿದ್ದ ಬಟ್ಟಲನ್ನು ತೆಗೆದು ಕೆಳಗಿಟ್ಟು, ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು. ಅವಳು ಅತ್ತಳು. ಅವನು ಸತ್ತಾಗ ಬಂದ ಅಳುವಿನ ಹಾಗಿರಲಿಲ್ಲ ಅದು. ಬೈಯುತ್ತ ಅಳುವ ಅಳು.

“ಮಗೂಗೆ ಹೇಳ್ತೀಯಾ?” ಎಂದು ಅತ್ತೆ ಆಮೇಲೆ ಕೇಳಿದರು.

“ನನ್ನ ಪರೀಕ್ಷೆಗೋಸ್ಕರ ಅಪ್ಪ ಸುಮ್ನಿದ್ರಾ ಅಂತ ಅವಳು ಕೇಳ್ತಾಳೆ. ಏನು ಹೇಳಲಿ?”

“ಈಗ ಬೇಡ” ಎಂದರು ಅತ್ತೆ. “ಅವಳೂ ತಾಯಿಯಾಗ್ಲಿ. ಆವಾಗ ಹೇಳು, ಅವಳಿಗೇ ಅರ್ಥ ಆಗುತ್ತೆ. ನಾನು ಇರಲ್ಲ, ನೀನೇ ಹೇಳ್ಬೇಕು.”

ಗೇಟಿನ ಸದ್ದಾಯಿತು. ಮಗಳು ಬಸ್ಸನ್ನು ಬೈಯುತ್ತ, ಹಸಿವು ಹಸಿವು ಎನ್ನುತ್ತ ಒಳಗೆ ಬಂದಳು. ಇವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅತ್ತೆ ಸಿಪ್ಪೆಯ ರಾಶಿಯಿಂದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದರು.